ಕೆಂಪು ಮಣ್ಣಿನ ಊರಿಗೆ ಎಂಥ ಟೈಲ್ಸ್? ನಮ್ಮ ಚಾವಡಿಯ ಅನುಭವ

ಬದಿಯಡ್ಕದ ಹತ್ತಿರದ ನಮ್ಮ ಮನೆಯ ಚಾವಡಿಗೆ ಎರಡು ಅಡಿ ಚೌಕದ, ಹೊಳಪಿಲ್ಲದ ವಿಟ್ರಿಫೈಡ್ ಟೈಲ್ಸ್ ಹಾಕಿಸಿ ಹಲವು ಮಳೆಗಾಲಗಳು ಕಳೆದಿವೆ. ಒಣಗಿದ ಅಡಿಕೆ ಸಿಪ್ಪೆಯ ಬಣ್ಣ: ಬೂದು ಬೆರೆತ ತಿಳಿಕಂದು, ಅದರ ಮೇಲೆ ಅದೇ ಬಣ್ಣದ ತುಸು ಗಾಢ, ತುಸು ತೆಳು ಮಚ್ಚೆಗಳು. ಅಂಗಳದಿಂದ ನೇರವಾಗಿ ಚಾವಡಿಗೆ ಕಾಲಿಡುವ ಮನೆಗೆ ಇದಕ್ಕಿಂತ ಒಪ್ಪುವ ನೆಲವನ್ನು ನಾನು ಕಂಡಿಲ್ಲ.

ನಮ್ಮ ಕಡೆ ನೆಲದ ಮೇಲೆ ಬೀಳುವ ಧೂಳು ಒಂದೇ ಬಗೆಯದಲ್ಲ. ಬೇಸಿಗೆಯಲ್ಲಿ ಮುರಕಲ್ಲಿನ ಕೆಂಪು ಪುಡಿ ಗಾಳಿಗೆ ಹಾರಿ ಬರುತ್ತದೆ, ಮಳೆಗಾಲದಲ್ಲಿ ಅದೇ ಮಣ್ಣು ಕೆಸರಾಗಿ ಪಾದಕ್ಕಂಟಿ ಬರುತ್ತದೆ. ಇವೆರಡರ ಜೊತೆಗೆ ಬಟ್ಟೆ, ಹಾಸಿಗೆಗಳಿಂದ ಉದುರುವ ನಾರಿನ ಬಿಳಿಚು ಧೂಳು ವರ್ಷವಿಡೀ ಇದ್ದೇ ಇದೆ. ಬಿಳಿ ನೆಲದಲ್ಲಿ ಕೆಂಪು ಮಣ್ಣು ಮತ್ತು ತಲೆಕೂದಲು ಎದ್ದು ಕಾಣುತ್ತವೆ. ಕಡುಕಂದು ನೆಲದಲ್ಲಿ ಬಿಳಿಚು ಧೂಳು, ಒರೆಸಿದ ನೀರು ಆರಿದ ಗೆರೆ ಕಾಣುತ್ತವೆ. ಗಾಢ ಬಣ್ಣ ಹಾಕಿದರೆ ಕೊಳೆ ಕಾಣುವುದಿಲ್ಲ ಎಂಬ ಮಾತನ್ನು ಅಂಗಡಿಯಲ್ಲಿ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಎರಡೂ ಧೂಳಿಗೆ ಹತ್ತಿರವಾಗುವುದು ನಡುವಿನ ಬಣ್ಣ ಮಾತ್ರ.

ನಾವು ಆರಿಸಿದ್ದು ಅಂಗಡಿಯ ದೀಪದ ಕೆಳಗಲ್ಲ. ದಂತಬಣ್ಣದ ಹೊಳಪಿನದು, ಕಡುಕಂದಿನದು, ಈಗಿರುವ ಮಚ್ಚೆಯದು, ಹೀಗೆ ಮೂರು ಮಾದರಿಗಳನ್ನು ಕೇಳಿ ಮನೆಗೆ ತಂದು ಚಾವಡಿಯ ಬಾಗಿಲ ಬಳಿ ಸಾಲಾಗಿ ಇಟ್ಟೆವು. ಅಂಗಳದ ಮಣ್ಣನ್ನು ಒಂದು ಚಿಟಿಕೆ ಉದುರಿಸಿ, ಮಂಚದ ಕೆಳಗಿನ ಧೂಳನ್ನು ಇನ್ನೊಂದು ಬದಿಗೆ ಹಾಕಿ, ಒದ್ದೆ ಕಾಲಿನಿಂದ ತುಳಿದು ಆರಲು ಬಿಟ್ಟೆವು. ದಂತಬಣ್ಣದ ಮೇಲೆ ಐದೂ ಬೆರಳುಗಳು ಕೆಂಪಾಗಿ ಮೂಡಿದವು. ಕಡುಕಂದಿನ ಮೇಲೆ ಹಿಮ್ಮಡಿಯ ಸುತ್ತ ಬೂದು ಅಂಚು ಉಳಿಯಿತು. ಮೂರನೆಯದರ ಮೇಲಿನ ಗುರುತು ಬಗ್ಗಿ ನೋಡಿದಾಗಲಷ್ಟೇ ಕಂಡಿತು. ನಮ್ಮ ಅತ್ತೆ ಬಾಗಿಲಿಗೆ ಎದುರಾಗಿ ಕುಳಿತು, ಬೆಳಕಿಗೆ ಓರೆಯಾಗಿ ನೋಡಿ, "ಇದೇ ಇರಲಿ" ಎಂದರು. ಕೂತು ನೋಡಿದ್ದು ಒಳ್ಳೆಯದಾಯಿತು. ನಿಂತು ಮೇಲಿನಿಂದ ನೋಡಿದರೆ ಕಾಣದ ಗುರುತು ಓರೆ ಬೆಳಕಿನಲ್ಲಿ ಕಾಣುತ್ತದೆ.

ಹೆಜ್ಜೆಗುರುತಿನ ವಿಷಯದಲ್ಲಿ ಬಣ್ಣಕ್ಕಿಂತ ಹೊಳಪೇ ಮುಖ್ಯ. ಬರಿಗಾಲಿನ ಬೆವರು, ಎಣ್ಣೆ ನೆಲದ ಮೇಲೆ ತೆಳ್ಳಗೆ ಅಂಟುತ್ತವೆ. ಹೊಳಪಿನ ಟೈಲ್ಸ್‌ನಲ್ಲಿ ಕಿಟಕಿಯ ಬಿಂಬ ಬೀಳುವುದರಿಂದ ಆ ಅಂಟು ಇರುವಲ್ಲಿ ಬಿಂಬ ಮಸುಕಾಗಿ ಪಾದದ ಆಕಾರ ತೋರುತ್ತದೆ. ಹೊಳಪಿಲ್ಲದ ಮೈ ಬೆಳಕನ್ನು ಚದುರಿಸುತ್ತದೆ, ಹಾಗಾಗಿ ಬಿಂಬವೂ ಇಲ್ಲ, ಗುರುತೂ ಅಷ್ಟಾಗಿ ಕಾಣುವುದಿಲ್ಲ. ಆದರೆ ಹೊಳಪಿಲ್ಲದ್ದೆಂದು ಮರಳುಕಾಗದದಂತೆ ಒರಟಾದುದನ್ನು ತರಬಾರದು. ಅದರ ಸಣ್ಣ ಗುಳಿಗಳಲ್ಲಿ ಕೆಸರು ಕೂತರೆ ಒರೆಸುವ ಬಟ್ಟೆಗೆ ಸಿಗುವುದಿಲ್ಲ. ಅಂಗೈ ಉಜ್ಜಿದರೆ ನುಣುಪಾಗಿ ಜಾರಬೇಕು, ಕಣ್ಣಿಗೆ ಮಾತ್ರ ಮಿಂಚಬಾರದು. ಒರೆಸುವ ನೀರಿಗೆ ಫಿನಾಯಿಲ್ ಹೆಚ್ಚಾದರೂ ಜಿಗುಟು ಉಳಿದು ಗುರುತು ಬೀಳುತ್ತದೆ. ಇದು ಎಂಥ ಟೈಲ್ಸ್‌ಗೂ ತಪ್ಪಿದ್ದಲ್ಲ.

ಇಷ್ಟೆಲ್ಲ ಮರೆಸಿಯೂ ಕೋಣೆ ಶುಭ್ರವಾಗಿ ಕಾಣುವುದಕ್ಕೆ ಕಾರಣ ಮಚ್ಚೆಗಳ ಹದ. ಅವು ಒಂದೇ ಬಣ್ಣದ ಮನೆತನದವು. ಕಪ್ಪು, ಬಿಳಿ, ಕೆಂಪು ಚುಕ್ಕೆಗಳು ಬೆರೆತ ವಿನ್ಯಾಸ ತೊಳೆದ ಮೇಲೂ ಕೊಳೆಯಾಗಿಯೇ ಕಾಣುತ್ತದೆ. ಅಮೃತಶಿಲೆಯಂಥ ದೊಡ್ಡ ಗೆರೆಗಳಿದ್ದರೆ ಗೆರೆಗಳ ನಡುವಿನ ಖಾಲಿ ಜಾಗದಲ್ಲಿ ಒಂದೇ ಒಂದು ಕಲೆ ಬಿದ್ದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಮಾಡಿನ ಇಳಿಜಾರಿನಿಂದ ನಮ್ಮ ಚಾವಡಿಗೆ ಬೆಳಕು ಕಡಿಮೆ, ಆದ್ದರಿಂದ ಇದಕ್ಕಿಂತ ಗಾಢವಾಗಿದ್ದರೆ ಹಗಲಲ್ಲೂ ದೀಪ ಬೇಕಾಗುತ್ತಿತ್ತು.

ಸಂದಿಗೆ ಬಿಳಿ ಗ್ರೌಟ್ ತುಂಬಲು ಮೇಸ್ತ್ರಿ ಹೇಳಿದ್ದರು. ನಾವು ಟೈಲ್ಸ್‌ಗಿಂತ ಒಂದು ಛಾಯೆ ಗಾಢವಾದ ಕಂದನ್ನೇ ಹಾಕಿಸಿದೆವು. ಬಿಳಿಯಾಗಿದ್ದರೆ ಮೊದಲ ಮಳೆಗಾಲದ ಕೆಸರು ನೀರೇ ಅದನ್ನು ಬಾಗಿಲ ಬಳಿ ಕೆಂಪಾಗಿಸಿ, ಒಳಗೆ ಬಿಳಿಯಾಗಿ ಬಿಡುತ್ತಿತ್ತು. ಇಂದಿಗೂ ನಮ್ಮಲ್ಲಿ ಬಾಗಿಲ ಬಳಿಯ ಸಂದಿಗೂ ಮೂಲೆಯ ಸಂದಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಕೊರತೆಗಳೂ ಇವೆ. ಚೆಲ್ಲಿದ ನೀರು ಈ ನೆಲದಲ್ಲಿ ಸುಲಭವಾಗಿ ಕಾಣುವುದಿಲ್ಲ, ವಯಸ್ಸಾದವರಿರುವ ಮನೆಯಲ್ಲಿ ಇದು ಗಂಭೀರ ವಿಷಯ. ಬಿದ್ದ ಮಾತ್ರೆ, ಗಾಜಿನ ಚೂರು, ಇರುವೆ ಸಾಲು ಕೂಡ ಹಾಗೆಯೇ ತಪ್ಪಿಸಿಕೊಳ್ಳುತ್ತವೆ. ಧೂಳು ಕಾಣದಿದ್ದರೂ ಕಾಲಿಗೆ ಹತ್ತುತ್ತದೆ, ಆದ್ದರಿಂದ ದಿನವೂ ಗುಡಿಸುವುದು ತಪ್ಪುವುದಿಲ್ಲ. ಅಂಗಳಕ್ಕೆ ಇಂಟರ್ಲಾಕ್ ಹಾಕಿಸಿದವರಿಗೆ, ಕಾಂಕ್ರೀಟ್ ರಸ್ತೆಯ ಪಕ್ಕದಲ್ಲಿರುವವರಿಗೆ ಬರುವ ಧೂಳು ಹೆಚ್ಚಾಗಿ ಬೂದು. ಅವರಿಗೆ ಇದೇ ಮಚ್ಚೆಯ ಬೂದು ಛಾಯೆ ಹೆಚ್ಚು ಒಪ್ಪುತ್ತದೆ. ಯಾವ ಬಣ್ಣವಾದರೂ ಪೆಟ್ಟಿಗೆಗಳ ಮೇಲಿನ ಬ್ಯಾಚ್ ಮತ್ತು ಶೇಡ್ ಸಂಖ್ಯೆ ಒಂದೇ ಇದೆಯೇ ಎಂದು ಇಳಿಸುವಾಗಲೇ ನೋಡಿಕೊಳ್ಳಿ, ಒಂದು ಪೆಟ್ಟಿಗೆ ಹೆಚ್ಚಿಗೆ ತೆಗೆದಿಡಿ.