ನಿಮಿರುವಿಕೆಯ ಚುಚ್ಚುಮದ್ದು: ಎರಡೂವರೆ ವರ್ಷ ಬಳಸಿದ ಮೇಲೆ

ನನಗೀಗ 58 ವರ್ಷ. ತೀರ್ಥಹಳ್ಳಿಯ ಸಮೀಪದ ಹಳ್ಳಿಯೊಂದರಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಸಕ್ಕರೆ ಕಾಯಿಲೆ ಬಂದು 16 ವರ್ಷಗಳಾದವು. ನಿಮಿರುವಿಕೆಯ ಮಾತ್ರೆಗಳು ಮೊದಲೆರಡು ವರ್ಷ ಕೈ ಹಿಡಿದು, ಆಮೇಲೆ ತಲೆನೋವನ್ನು ಮಾತ್ರ ಕೊಡತೊಡಗಿದಾಗ ಶಿವಮೊಗ್ಗದ ಮೂತ್ರರೋಗ ತಜ್ಞರು ಶಿಶ್ನಕ್ಕೆ ನೇರವಾಗಿ ಕೊಟ್ಟುಕೊಳ್ಳುವ ಚುಚ್ಚುಮದ್ದನ್ನು ಸೂಚಿಸಿದರು. ಅದು ಕೆಲಸ ಮಾಡುತ್ತದೆಯೇ ಎಂದು ಕೇಳುವವರಿಗೆ ನನ್ನ ಉತ್ತರ ಹೌದು. ಆದರೆ ನಾನು ಇದನ್ನು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಒಂದೇ ಜಾಗದಲ್ಲಿ ಚುಚ್ಚುತ್ತಾ ಹೋದರೆ ಏನಾಗುತ್ತದೆ, ಆಗ ಪ್ರಮಾಣದ ಲೆಕ್ಕ ಹೇಗೆ ತಪ್ಪುತ್ತದೆ ಎಂಬುದನ್ನು ನನಗೆ ಯಾರೂ ಈ ರೀತಿ ಬಿಡಿಸಿ ಹೇಳಿರಲಿಲ್ಲ.

ನನಗೆ ಕೊಟ್ಟಿರುವುದು ಪಾಪವೆರಿನ್, ಫೆಂಟೋಲಮೈನ್, ಆಲ್ಪ್ರೊಸ್ಟಡಿಲ್ ಎಂಬ ಮೂರು ಔಷಧಗಳ ಮಿಶ್ರಣ. ಒಂದು ಮಿಲಿಲೀಟರಿನಲ್ಲಿ ಮೊದಲನೆಯದು 30 ಮಿಲಿಗ್ರಾಂ, ಎರಡನೆಯದು 1 ಮಿಲಿಗ್ರಾಂ, ಮೂರನೆಯದು 10 ಮೈಕ್ರೋಗ್ರಾಂ ಇರುತ್ತದೆ. ನಾನು ಮುಂದೆ ಹೇಳುವ ಯುನಿಟ್‌ಗಳು ಈ ಮಿಶ್ರಣಕ್ಕೆ, ನನ್ನ ದೇಹಕ್ಕೆ ಮಾತ್ರ ಸಲ್ಲುತ್ತವೆ. ಬೇರೆ ಮಿಶ್ರಣದಲ್ಲಿ ಅದೇ ಅಂಕಿ ಅಪಾಯ ತರಬಹುದು. ಸೀಸೆಯನ್ನು ಫ್ರಿಜ್‌ನಲ್ಲಿಡಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಎರಡು ದಿನ ಬಾರದಿರುವುದೂ ಉಂಟು. ಹಾಗಾಗಿ ಒಂದು ತಿಂಗಳಿಗೆ ಸಾಲುವಷ್ಟನ್ನು ಮಾತ್ರ ತಂದು, ಮಂಜುಗಡ್ಡೆಯ ಡಬ್ಬಿಯೊಂದನ್ನು ಪಕ್ಕದಲ್ಲಿ ಸಿದ್ಧವಾಗಿಟ್ಟುಕೊಂಡಿರುತ್ತೇನೆ.

ಮನೆಯಲ್ಲಿ ಇನ್ಸುಲಿನ್ ಇರುವವರಿಗೆ ಸಿರಿಂಜಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ಎರಡು ಬಗೆಯ ಸಿರಿಂಜುಗಳು ಸಿಗುತ್ತವೆ. ಕೆಂಪು ಮುಚ್ಚಳದ್ದರಲ್ಲಿ 40 ಯುನಿಟ್ ಗೆರೆಗೆ ಒಂದು ಮಿಲಿಲೀಟರು, ಕಿತ್ತಳೆ ಮುಚ್ಚಳದ್ದರಲ್ಲಿ 100 ಯುನಿಟ್ ಗೆರೆಗೆ ಒಂದು ಮಿಲಿಲೀಟರು. ವೈದ್ಯರು ಹೇಳಿದ 10 ಯುನಿಟ್ ಎಂದರೆ ಕಿತ್ತಳೆಯಲ್ಲಿ 0.1 ಮಿಲಿಲೀಟರು. ಅದೇ 10ರ ಗೆರೆಗೆ ಕೆಂಪು ಸಿರಿಂಜಿನಲ್ಲಿ ಎಳೆದರೆ 0.25 ಮಿಲಿಲೀಟರು, ಅಂದರೆ ಎರಡೂವರೆ ಪಟ್ಟು ಔಷಧ ಒಳಗೆ ಹೋಗುತ್ತದೆ. ನನ್ನ ಇನ್ಸುಲಿನ್‌ಗೆ ಕೆಂಪು ಸಿರಿಂಜು ಬೇಕಾಗುವುದರಿಂದ, ಎರಡನ್ನೂ ಬೇರೆ ಬೇರೆ ಕಪಾಟಿನಲ್ಲಿಟ್ಟಿದ್ದೇನೆ.

ಪ್ರಮಾಣವನ್ನು ಗೊತ್ತುಮಾಡಿದ್ದು ಆಸ್ಪತ್ರೆಯಲ್ಲೇ. ಮೊದಲ ಸಲ 5 ಯುನಿಟ್ ಕೊಟ್ಟರು. ಹತ್ತು ನಿಮಿಷಕ್ಕೆ ಅರೆಬರೆ ನಿಮಿರಿ ಇಳಿಯಿತು. ಮುಂದಿನ ವಾರ 8, ಅದರ ಮುಂದಿನ ವಾರ 10. ಹತ್ತಕ್ಕೆ ಚೆನ್ನಾಗಿ ನಿಮಿರಿ 50 ನಿಮಿಷ ನಿಂತಿತು, ಅಲ್ಲಿಗೆ ನಿಲ್ಲಿಸಿದರು. ಒಂದು ಗಂಟೆಗಿಂತ ಹೆಚ್ಚು ನಿಲ್ಲಿಸುವ ಪ್ರಮಾಣ ಬೇಡ, ಎರಡು ಚುಚ್ಚುಗಳ ನಡುವೆ ಕನಿಷ್ಠ 24 ಗಂಟೆ ಇರಲಿ, ವಾರಕ್ಕೆ ಮೂರಕ್ಕಿಂತ ಹೆಚ್ಚು ಬೇಡ, ಪರಿಣಾಮ ಕಡಿಮೆಯೆನಿಸಿದರೂ ಅದೇ ದಿನ ಎರಡನೆಯದನ್ನು ಚುಚ್ಚಿಕೊಳ್ಳಲೇಬೇಡಿ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಆ ಚೀಟಿ ಈಗಲೂ ಕಪಾಟಿನ ಬಾಗಿಲ ಒಳಮೈಯಲ್ಲಿ ಅಂಟಿಸಿಕೊಂಡಿದೆ.

ಚುಚ್ಚುವ ಕ್ರಮ ಹೇಳಿದರೆ ಸರಳ, ಮಾಡುವಾಗ ತಾಳ್ಮೆ ಬೇಕು. ಕೈ ತೊಳೆದು, ಮಂಚದ ಅಂಚಿನಲ್ಲಿ ಬೆಳಕಿಗೆ ಎದುರಾಗಿ ಕೂರುತ್ತೇನೆ. ಮುಂದೊಗಲನ್ನು ಹಿಂದಕ್ಕೆ ಸರಿಸಿ, ಶಿಶ್ನದ ತುದಿಯನ್ನು ಎಡಗೈಯಲ್ಲಿ ಹಿಡಿದು, ತೊಡೆಯ ಉದ್ದಕ್ಕೂ ಬಿಗಿಯಾಗಿ ಎಳೆದುಕೊಳ್ಳುತ್ತೇನೆ. ಹೀಗೆ ಎಳೆದಾಗ ಚರ್ಮ ತಿರುಚಬಾರದು. ತಿರುಚಿದರೆ ಪಕ್ಕ ಎಂದುಕೊಂಡು ಚುಚ್ಚಿದ್ದು ಮೇಲ್ಭಾಗಕ್ಕೆ ತಾಗುತ್ತದೆ. ಅಡ್ಡಲಾಗಿ ನೋಡಿದಾಗ ಗಡಿಯಾರದ ಮುಖವೆಂದು ಭಾವಿಸಿದರೆ 12ರ ಕಡೆ ನರಗಳೂ ರಕ್ತನಾಳಗಳೂ ಇವೆ, 6ರ ಕಡೆ ಮೂತ್ರನಾಳವಿದೆ. ಆದ್ದರಿಂದ 3 ಅಥವಾ 9ರ ಆಸುಪಾಸಿನ ಪಕ್ಕಗಳಲ್ಲಿ, ಬುಡದಿಂದ ನಡುವಿನವರೆಗಿನ ಭಾಗದಲ್ಲಿ, ಕಣ್ಣಿಗೆ ಕಾಣುವ ನೀಲಿ ನಾಳಗಳನ್ನು ತಪ್ಪಿಸಿ ಚುಚ್ಚಬೇಕು. ಒಳಗೆ ಸ್ಪಂಜಿನಂಥ ಎರಡು ಕೊಳವೆಗಳು ಅಕ್ಕಪಕ್ಕದಲ್ಲಿದ್ದು ಅವುಗಳ ನಡುವೆ ರಕ್ತ ಓಡಾಡುವುದರಿಂದ ಒಂದೇ ಬದಿಗೆ ಕೊಟ್ಟರೂ ಔಷಧ ಎರಡಕ್ಕೂ ತಲುಪುತ್ತದೆ.

ಸ್ಪಿರಿಟ್ ಹತ್ತಿಯಿಂದ ಒರೆಸಿ, ಅದು ಆರಿದ ಮೇಲೆ ಸೂಜಿಯನ್ನು ನೆಟ್ಟಗೆ, ವೈದ್ಯರು ತೋರಿಸಿಕೊಟ್ಟ ಆಳಕ್ಕೆ ಒಂದೇ ಸಲಕ್ಕೆ ಇಳಿಸುತ್ತೇನೆ. ಸ್ಪಂಜಿನ ಕೊಳವೆಯ ಸುತ್ತ ಒಂದು ಗಟ್ಟಿ ಹೊದಿಕೆಯಿದೆ. ಸೂಜಿ ಅದನ್ನು ದಾಟಿದ್ದರೆ ಪಿಸ್ಟನ್ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ಇಳಿಯದೆ ತಡೆಯುತ್ತಿದ್ದರೆ, ಅಥವಾ ಮೊದಲ ಹನಿಗೇ ಉರಿಯೆದ್ದರೆ, ತುದಿ ಹೊದಿಕೆಯೊಳಗೋ ಚರ್ಮದಡಿಯಲ್ಲೋ ಸಿಕ್ಕಿಕೊಂಡಿದೆ ಎಂದು ತಿಳಿಯಬೇಕು. ಆಗ ಒತ್ತಡ ಹಾಕಿ ತಳ್ಳಬಾರದು. ಸ್ವಲ್ಪ ಹಿಂದೆಗೆದು, ದಿಕ್ಕು ಸರಿಪಡಿಸಿ ಮತ್ತೆ ಇಳಿಸಬೇಕು. ಸೂಜಿ ತೆಗೆದ ಮೇಲೆ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಎರಡೂ ಪಕ್ಕವನ್ನು ಹಿಚುಕಿದಂತೆ ಐದು ನಿಮಿಷ ಒತ್ತಿ ಹಿಡಿಯಬೇಕು. ನಾನು ಹೃದಯಕ್ಕಾಗಿ ಆಸ್ಪಿರಿನ್ ತೆಗೆದುಕೊಳ್ಳುವವನಾದ್ದರಿಂದ ಹತ್ತು ನಿಮಿಷ ಹಿಡಿಯುತ್ತೇನೆ. ಈ ಒತ್ತುವಿಕೆಯನ್ನು ಮೊದಮೊದಲು ನಾನು ಅರ್ಧ ನಿಮಿಷಕ್ಕೆ ಮುಗಿಸುತ್ತಿದ್ದೆ. ನನ್ನ ತೊಂದರೆಯ ಮೊದಲ ಬೇರು ಅಲ್ಲಿತ್ತು.

ಎರಡನೆಯ ಬೇರು ಅಭ್ಯಾಸ. ನಾನು ಬಲಗೈಯವನು. ಎಡಗೈಯಲ್ಲಿ ಹಿಡಿದು ಎಡತೊಡೆಯತ್ತ ಎಳೆದರೆ ಬಲಪಕ್ಕ ತಾನಾಗಿ ಎದುರಿಗೆ ಬರುತ್ತದೆ. ವೈದ್ಯರು ಮೊದಲ ದಿನ ತೋರಿಸಿಕೊಟ್ಟದ್ದೂ ಆ ಬದಿಯಲ್ಲೇ. ಬದಿ ಬದಲಿಸುತ್ತಿರಿ ಎಂದು ಅವರು ಹೇಳಿದ್ದು ನೆನಪಿದ್ದರೂ, ನೋವಿಲ್ಲದೆ ಸಲೀಸಾಗಿ ಆಗುತ್ತಿದ್ದ ಜಾಗವನ್ನು ಬಿಡಲು ಮನಸ್ಸಾಗಲಿಲ್ಲ. ವಾರಕ್ಕೆ ಎರಡರಂತೆ ಹತ್ತು ತಿಂಗಳಲ್ಲಿ ಸುಮಾರು 80 ಚುಚ್ಚುಗಳು ಒಂದು ರೂಪಾಯಿ ನಾಣ್ಯದಷ್ಟಗಲದ ಜಾಗಕ್ಕೆ ಬಿದ್ದಿದ್ದವು.

ಎಂಟನೆಯ ತಿಂಗಳಿನಿಂದ ಪರಿಣಾಮ ತಗ್ಗತೊಡಗಿತು. 50 ನಿಮಿಷ ಇದ್ದದ್ದು 30ಕ್ಕೆ ಬಂತು, ಆಮೇಲೆ ಪೂರ್ತಿ ನಿಮಿರುವುದೇ ನಿಂತಿತು. ಫೋನಿನಲ್ಲಿ ವೈದ್ಯರನ್ನು ಕೇಳಿ ಎರಡೆರಡೇ ಯುನಿಟ್ ಏರಿಸುತ್ತಾ 12, 14, ಕೊನೆಗೆ 16ಕ್ಕೆ ತಲುಪಿದೆ. ಎಲ್ಲಿ ಚುಚ್ಚುತ್ತಿದ್ದೀರಿ ಎಂದು ಅವರು ಕೇಳಲಿಲ್ಲ, ನಾನಾಗಿ ಹೇಳಲೂ ಇಲ್ಲ. ಸಕ್ಕರೆ ಕಾಯಿಲೆ ಮುಂದುವರಿದಿದೆ, ಇನ್ನು ಇದೂ ಮುಗಿಯಿತು ಎಂದುಕೊಂಡು ನಾನು ಆ ದಿನಗಳಲ್ಲಿ ತುಂಬ ಕುಗ್ಗಿದ್ದೆ.

ಆಷಾಢದ ಒಂದು ರಾತ್ರಿ ಬಲಪಕ್ಕದಲ್ಲಿ ಹಿಂದಿನ ಚುಚ್ಚಿನ ರಕ್ತಗಪ್ಪು ಉಳಿದಿದ್ದರಿಂದ ಮೊದಲ ಬಾರಿ ಎಡಪಕ್ಕಕ್ಕೆ ಚುಚ್ಚಿಕೊಂಡೆ, ಅದೇ 16 ಯುನಿಟ್. ಆರು ನಿಮಿಷದಲ್ಲಿ ಪೂರ್ತಿ ನಿಮಿರಿತು. ಒಂದು ಗಂಟೆಯಾದರೂ ಇಳಿಯಲಿಲ್ಲ, ಎರಡು ಗಂಟೆಯಾದರೂ ಇಳಿಯಲಿಲ್ಲ, ನೋವು ಶುರುವಾಯಿತು. ಹೆಂಡತಿ ಗಡಿಯಾರ ನೋಡಿ, “ರೀ, ಇನ್ನು ಕಾಯೋದು ಬೇಡ, ಡಾಕ್ಟರಿಗೆ ಫೋನ್ ಮಾಡಿ, ನಾನು ತಮ್ಮನ್ನ ಕಾರು ತರೋಕೆ ಹೇಳ್ತೀನಿ” ಎಂದಳು. ವೈದ್ಯರು ಕೂಡಲೇ ಹೊರಡಲು ಹೇಳಿದರು. ನಾಲ್ಕು ಗಂಟೆ ದಾಟಿದರೆ ಒಳಗೆ ನಿಂತ ರಕ್ತದಲ್ಲಿ ಆಮ್ಲಜನಕ ತೀರಿ ಸ್ಪಂಜಿನ ಅಂಗಾಂಶವೇ ಸಾಯತೊಡಗುತ್ತದೆ. ಆಗ ಆಸ್ಪತ್ರೆಯಲ್ಲಿ ಸೂಜಿಯಿಂದ ಆ ರಕ್ತವನ್ನು ಹೊರಗೆಳೆದು, ರಕ್ತನಾಳ ಬಿಗಿಯುವ ಫೆನೈಲೆಫ್ರಿನ್ ಎಂಬ ಔಷಧ ಕೊಡಬೇಕಾಗುತ್ತದೆ. ನಮ್ಮೂರಿನಿಂದ ಶಿವಮೊಗ್ಗಕ್ಕೆ 60 ಕಿಲೋಮೀಟರಿಗೂ ಹೆಚ್ಚು ದೂರ, ಮೇಲೆ ಸುರಿಯುವ ಮಳೆ. ಮಂಡಗದ್ದೆ ದಾಟಿ ಗಾಜನೂರಿನ ಹತ್ತಿರ ಬರುವಾಗ, ಅಂದರೆ 3 ಗಂಟೆ 40 ನಿಮಿಷಕ್ಕೆ, ಅದು ತಾನಾಗಿ ಇಳಿಯಿತು. ಹಿಂದಿರುಗದೆ ಆಸ್ಪತ್ರೆಗೆ ಹೋಗಿಯೇ ಬಂದೆವು. ಮಲೆನಾಡಿನ ಮೂಲೆಯಲ್ಲಿರುವವರು ನಾಲ್ಕು ಗಂಟೆ ತುಂಬಲಿ ಎಂದು ಮನೆಯಲ್ಲಿ ಕೂರುವಂತಿಲ್ಲ. ದಾರಿಯ ಸಮಯವನ್ನು ಅದರಲ್ಲಿ ಕಳೆದು ಲೆಕ್ಕ ಹಾಕಬೇಕು.

ಬೆಳಿಗ್ಗೆ ವೈದ್ಯರು ಬೆರಳುಗಳ ನಡುವೆ ಹೊರಳಿಸಿ ನೋಡಿದಾಗ ಬಲಪಕ್ಕದಲ್ಲಿ ಅಕ್ಕಿಕಾಳಿನಷ್ಟು ಗಟ್ಟಿಯಾದ ಗಂಟು ಸಿಕ್ಕಿತು. ಸ್ಕ್ಯಾನಿಂಗ್‌ನಲ್ಲಿ ಅಲ್ಲಿನ ಹೊದಿಕೆ ದಪ್ಪಗಾಗಿದ್ದು ಕಂಡಿತು. ಪ್ರತಿ ಚುಚ್ಚಿನ ಸಣ್ಣ ಗಾಯವೂ, ಸರಿಯಾಗಿ ಒತ್ತದೆ ಒಳಗೆ ಜಿನುಗಿದ ರಕ್ತವೂ ಮಾಯುವಾಗ ಸ್ವಲ್ಪ ಸ್ವಲ್ಪ ನಾರು ಬಿಡುತ್ತವೆ. ಬೇರೆ ಬೇರೆ ಜಾಗದಲ್ಲಾದರೆ ಅದು ಲೆಕ್ಕಕ್ಕೆ ಬರುವುದಿಲ್ಲ, ಒಂದೇ ಜಾಗದಲ್ಲಾದರೆ ಗಂಟಾಗುತ್ತದೆ. ಪಾಪವೆರಿನ್ ಇರುವ ಔಷಧದಲ್ಲಿ ಈ ಸಾಧ್ಯತೆ ಸ್ವಲ್ಪ ಹೆಚ್ಚು. ಔಷಧ ಆ ನಾರಿನೊಳಗೆ ಸಿಕ್ಕಿಕೊಂಡು ಸ್ಪಂಜಿಗೆ ಸರಿಯಾಗಿ ಹರಡುತ್ತಿರಲಿಲ್ಲ. ನಾನು ಏರಿಸಿದ 6 ಯುನಿಟ್ ಆ ಗಂಟಿಗೆ ತೆತ್ತ ತೆರಿಗೆ. ಆರೋಗ್ಯವಾಗಿದ್ದ ಎಡಬದಿಗೆ ಅದೇ 16 ಬಿದ್ದಾಗ ಪೂರ್ತಿ ಔಷಧ ಒಮ್ಮೆಗೇ ಕೆಲಸಮಾಡಿತು. ಆದ್ದರಿಂದ ಜಾಗ ಬದಲಿಸುವಾಗ ಪ್ರಮಾಣವನ್ನೂ ಹಿಂದಕ್ಕೆ ತರಬೇಕು. ಒಂದು ತಿಂಗಳ ಬಿಡುವಿನ ನಂತರ ವೈದ್ಯರು ತಮ್ಮೆದುರೇ ಎಡಪಕ್ಕಕ್ಕೆ 8 ಯುನಿಟ್ ಕೊಟ್ಟು ನೋಡಿದರು. ಅದು 45 ನಿಮಿಷ ನಿಂತಿತು. ಹತ್ತು ಕೂಡ ಬೇಕಾಗಲಿಲ್ಲ.

ಈಗ ನನ್ನ ಬಳಿ ಒಂದು ಚಿಕ್ಕ ನೋಟ್‌ಬುಕ್ಕಿದೆ, ತೋಟದ ಆಳುಗಳ ಲೆಕ್ಕ ಬರೆಯುವಂಥದೇ. ಪ್ರತಿ ಬದಿಯಲ್ಲಿ ಬುಡದಿಂದ ನಡುವಿನವರೆಗೆ ಒಂದೊಂದು ಬೆರಳಗಲ ಬಿಟ್ಟು ಮೂರು ಜಾಗ ಗುರುತಿಸಿಕೊಂಡಿದ್ದೇನೆ: ಎ-1, ಎ-2, ಎ-3, ಬ-1, ಬ-2, ಬ-3. ಗಂಟಿರುವ ಬ-2ರ ಮೇಲೆ ಅಡ್ಡಗೆರೆ ಎಳೆದಿದೆ. ಬಲಕ್ಕೊಂದು ಎಡಕ್ಕೊಂದರಂತೆ ಹೋಗುವುದರಿಂದ ಎಡಬದಿಯ ಒಂದು ಜಾಗದ ಸರದಿ ಮತ್ತೆ ಬರುವುದು ಮೂರು ವಾರಕ್ಕೆ, ಬಲದ್ದು ಎರಡು ವಾರಕ್ಕೆ. ಬ-1, ಬ-3ನ್ನು ಸೇರಿಸಿಕೊಳ್ಳಲು ವೈದ್ಯರು ಒಪ್ಪಿದ್ದು ಗಂಟು ಬೆಳೆಯುತ್ತಿಲ್ಲವೆಂದು ಆರು ತಿಂಗಳು ನೋಡಿದ ಮೇಲೆ. ದಿನಾಂಕ, ಜಾಗ, ಯುನಿಟ್, ನಿಮಿರಲು ಹಿಡಿದ ಸಮಯ, ಇಳಿದ ಸಮಯ, ಐದು ಅಂಕಣಗಳು. ಕೊನೆಯದನ್ನು ಹೆಂಡತಿಯೇ ತುಂಬುತ್ತಾಳೆ. ನಾನು ಹತ್ತು ನಿಮಿಷ ಒತ್ತಿ ಹಿಡಿದು ಕೂತಿರುವಾಗ ಅವಳು ಪಕ್ಕದಲ್ಲಿ ಕೂತು ಮೊಬೈಲಿನಲ್ಲಿ ಸಮಯ ನೋಡುತ್ತಿರುತ್ತಾಳೆ. ಇಬ್ಬರೂ ಮನೆಯ, ಮಕ್ಕಳ ಮಾತಾಡುತ್ತೇವೆ. ಮೊದಲು ನಾನು ಬಚ್ಚಲಲ್ಲಿ ಒಬ್ಬನೇ, ಕದ್ದಂತೆ, ಅವಸರದಲ್ಲಿ ಮುಗಿಸುತ್ತಿದ್ದ ಕೆಲಸ ಇದು. ಈ ಹತ್ತು ನಿಮಿಷ ನಮಗಿಬ್ಬರಿಗೂ ಇಷ್ಟವಾಗುತ್ತದೆಂದು ನಾನು ಎಣಿಸಿಯೇ ಇರಲಿಲ್ಲ.

ಯಾವುದಾದರೂ ಜಾಗದಲ್ಲಿ ಸತತ ಎರಡು ಸಲ ಸಮಯ ಕಡಿಮೆ ಬಂದರೆ ಪ್ರಮಾಣ ಮುಟ್ಟುವುದಿಲ್ಲ. ಮೊದಲು ಆ ಜಾಗವನ್ನು ಬೆರಳಲ್ಲಿ ಹೊರಳಿಸಿ ನೋಡುತ್ತೇನೆ, ನಂತರ ಅದೇ ಪ್ರಮಾಣವನ್ನು ಬೇರೆ ಜಾಗಕ್ಕೆ ಕೊಟ್ಟು ನೋಡುತ್ತೇನೆ. ಎಲ್ಲ ಜಾಗದಲ್ಲೂ ಕಡಿಮೆಯಾದರೆ ಮಾತ್ರ ಸೀಸೆಯ ತಾರೀಖು, ಫ್ರಿಜ್, ಆಮೇಲೆ ವೈದ್ಯರು. ತಿಂಗಳಿಗೊಮ್ಮೆ ಸ್ನಾನದ ನಂತರ ಮೆತ್ತಗಿರುವಾಗ ಬುಡದಿಂದ ತುದಿಯವರೆಗೆ ತಡವಿ ನೋಡುತ್ತೇನೆ, ನಿಮಿರಿದಾಗ ಹೊಸದಾಗಿ ಬಾಗು ಬಂದಿದೆಯೇ ಎಂದೂ ಗಮನಿಸುತ್ತೇನೆ. ಹೊಸ ಗಂಟೋ ಬಾಗೋ ಕಂಡರೆ ಚುಚ್ಚುವುದನ್ನು ನಿಲ್ಲಿಸಿ ಬರಬೇಕೆಂದು ವೈದ್ಯರ ಅಪ್ಪಣೆ.

ಬ-2ರ ಗಂಟು ಕರಗಿಲ್ಲ, ಬೆಳೆದೂ ಇಲ್ಲ. ಪ್ರಮಾಣ ಆಗಿನಿಂದ 8 ಯುನಿಟ್‌ನಲ್ಲೇ ಇದೆ. ನಿನ್ನೆಯದು ಎ-3, ಏಳು ನಿಮಿಷಕ್ಕೆ ನಿಮಿರಿ 48 ನಿಮಿಷಕ್ಕೆ ಇಳಿದಿದೆ.