ಬಿಡಿ ಫೋಟೊಗಳಿಂದ ಗುಂಪು ಫೋಟೊ ಮಾಡಿಸುವವರೇ, ಹಣ ಕೊಡುವ ಮುನ್ನ ಇದನ್ನು ಓದಿ

ಚಿಕ್ಕಮಗಳೂರಿನಲ್ಲಿ ನಮ್ಮದೊಂದು ಸಣ್ಣ ಕಾಫಿ ವ್ಯಾಪಾರದ ಕಂಪನಿ. ಖರೀದಿ ನೋಡಿಕೊಳ್ಳುವವರು ಮೂಡಿಗೆರೆ, ಸಕಲೇಶಪುರದಲ್ಲಿದ್ದಾರೆ, ಲೆಕ್ಕಪತ್ರದವರು ಬೆಂಗಳೂರಿನಲ್ಲಿದ್ದಾರೆ. ಹನ್ನೊಂದು ಮಂದಿಯನ್ನು ಒಂದೆಡೆ ನಿಲ್ಲಿಸುವುದು ಆಗದ ಮಾತು. ಹಾಗಾಗಿ ಒಬ್ಬೊಬ್ಬರ ಫೋಟೊ ಜೋಡಿಸಿ ವೆಬ್‌ಸೈಟಿಗೆ ಗುಂಪು ಫೋಟೊ ಮಾಡಿಕೊಡುವ ಕೆಲಸವನ್ನು ಒಂದು ಸ್ಟುಡಿಯೊಗೆ ಒಪ್ಪಿಸಿದೆವು.

"ಯಾವ ಫೋಟೊ ಆದರೂ ಸರಿ ಸರ್, ವಾಟ್ಸಾಪಿನಲ್ಲಿ ಹಾಕಿಬಿಡಿ" ಎಂದರು. ಯಾವ ಫೋಟೊ ಆದರೂ ಸರಿಯಂತೆ! ಕೆಲಸ ತಿಳಿದವರು ಆಡುವ ಮಾತೇ ಇದು?

ಮಾದರಿಯನ್ನು ಮೊಬೈಲಿಗೆ ಕಳುಹಿಸಿದರು. ಅಂಗೈಯಗಲದ ಪರದೆಯಲ್ಲಿ ಎಲ್ಲವೂ ಸರಿಯಾಗಿಯೇ ಕಂಡಿತು. ಪೂರ್ತಿ ಹಣ ಪಡೆದ ಮೇಲೆ ದೊಡ್ಡ ಫೈಲ್ ಕೊಟ್ಟರು. ಅದು ವೆಬ್‌ಸೈಟಿನ ಮೇಲ್ಭಾಗಕ್ಕೆ ಏರಿದ ದಿನವೇ ಹಳೆಯ ಗ್ರಾಹಕರೊಬ್ಬರು ಕರೆ ಮಾಡಿ, "ನಿಮ್ಮ ಕಂಪನಿಯ ಹೆಸರು ಅಂಗಿಯ ಮೇಲೆ ತಿರುಗುಮುರುಗಾಗಿದೆಯಲ್ಲ" ಎಂದರು. ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದೆ. ನಾಲ್ವರ ಅಂಗಿಯ ಜೇಬು ಬಲಕ್ಕೆ ಹೋಗಿದೆ, ಜೇಬಿನ ಮೇಲಿನ ಅಕ್ಷರಗಳು ಕನ್ನಡಿಯಲ್ಲಿ ಕಂಡಂತಿವೆ. ಎಂದೂ ಎಡ ಹೆಗಲಿಗೆ ಸೆರಗು ಹಾಕುವ ನಮ್ಮ ಲೆಕ್ಕಪತ್ರದ ಮೇಡಂ ಅವರ ಸೆರಗು ಬಲ ಹೆಗಲಲ್ಲಿದೆ. ನನಗೆ ಮುಖ ಎತ್ತಲಾಗಲಿಲ್ಲ.

ಕೇಳಿದರೆ ಬಂದ ಉತ್ತರ: "ಬೆಳಕು ಒಂದೇ ಕಡೆಯಿಂದ ಬರಬೇಕಲ್ಲ ಸರ್, ಅದಕ್ಕೆ ತಿರುಗಿಸಿದ್ದೇವೆ."

ಅಂದರೆ ಅವರಿಗೆ ಗೊತ್ತಿತ್ತು! ಕೆಲವರಿಗೆ ಕಿಟಕಿಯ ಬೆಳಕು ಎಡದಿಂದ, ಕೆಲವರಿಗೆ ಬಲದಿಂದ ಬಿದ್ದಿತ್ತು. ಮತ್ತೆ ತೆಗೆಸಿ ಕಳುಹಿಸಿ ಎನ್ನುವ ಬದಲು ಚಿತ್ರವನ್ನೇ ಮಗುಚಿ ಹಾಕಿ ಮುಚ್ಚಿಟ್ಟರು. ಅಷ್ಟು ಮಾಡಿಯೂ ಕಾಲಡಿಯಲ್ಲಿ ನೆರಳಿಲ್ಲ, ಎಲ್ಲರೂ ನೆಲಕ್ಕೆ ತಾಗದೆ ತೇಲುತ್ತಿದ್ದಾರೆ. ಕೈಯಳತೆಯಲ್ಲಿ ತೆಗೆದ ಸೆಲ್ಫಿಯಲ್ಲಿ ಮೂಗು, ಹಣೆ ದೊಡ್ಡದಾಗಿ ಕಿವಿ ಚಿಕ್ಕದಾಗುತ್ತದೆ. ಅಂಥ ಮುಖವನ್ನು ದೂರದಿಂದ ತೆಗೆದ ಮುಖದ ಪಕ್ಕದಲ್ಲಿಟ್ಟರೆ ಎಷ್ಟು ಹಿಗ್ಗಿಸಿ ಕುಗ್ಗಿಸಿದರೂ ಹೊಂದುವುದಿಲ್ಲ. ಅದಕ್ಕೂ ಉತ್ತರ ಸಿದ್ಧ: "ನೀವು ಕೊಟ್ಟ ಫೋಟೊಗಳೇ ಹಾಗಿದ್ದವು ಸರ್." ಯಾವ ಫೋಟೊ ಆದರೂ ಸರಿ ಎಂದವರು ಯಾರು?

ನಾವೇ ಬೇರೆಯವರಿಂದ ಸರಿಪಡಿಸಿಕೊಳ್ಳೋಣವೆಂದು ಒಬ್ಬೊಬ್ಬರ ಚಿತ್ರವೂ ಬೇರೆ ಬೇರೆ ಪದರದಲ್ಲಿ ಉಳಿದಿರುವ ಲೇಯರ್ ಫೈಲ್ ಕೇಳಿದೆ. "ಅದನ್ನು ಯಾರಿಗೂ ಕೊಡುವುದಿಲ್ಲ ಸರ್" ಎಂದರು. ಕೈಗೆ ಬಂದದ್ದು ಎಲ್ಲವೂ ಒಂದಾಗಿ ಅಂಟಿಹೋದ ಜೆಪೆಗ್ ಮಾತ್ರ. ನಾಳೆ ಒಬ್ಬರು ಕೆಲಸ ಬಿಟ್ಟು ಇನ್ನೊಬ್ಬರು ಸೇರಿದರೆ ಮತ್ತೆ ಮೊದಲಿನಿಂದ ಹಣ ಸುರಿಯಬೇಕು.

ಫೋಟೊ ಹೇಗೆ ತೆಗೆಯಬೇಕೆಂದು ಮೊದಲೇ ಹೇಳದವರಿಗೆ ಈ ಕೆಲಸ ಕೊಡಬೇಡಿ. ಎಲ್ಲರಿಗೂ ಬೆಳಕು ಒಂದೇ ಬದಿಯಿಂದ ಬೀಳಬೇಕು, ಕ್ಯಾಮೆರಾ ಒಂದೇ ಎತ್ತರ, ಒಂದೇ ದೂರದಲ್ಲಿರಬೇಕು, ಸೆಲ್ಫಿ ಬೇಡವೇ ಬೇಡ. ವಾಟ್ಸಾಪಿನಲ್ಲಿ ಕಳುಹಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳುಹಿಸಿ, ಇಲ್ಲವಾದರೆ ಚಿತ್ರ ಕುಗ್ಗಿ ಕೂದಲಿನ ಅಂಚು ಕಲಸಿಹೋಗುತ್ತದೆ. ಲೇಯರ್ ಫೈಲ್ ಕೊಡುತ್ತೇವೆಂದು ಬರೆಸಿಕೊಳ್ಳಿ. ಮಾದರಿಯನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ, ಜೇಬು, ಗುಂಡಿ, ಸೆರಗು ಯಾವ ಕಡೆಗಿವೆ ಎಂದು ನೋಡುವವರೆಗೆ ಬಾಕಿ ಹಣ ಕೊಡಬೇಡಿ.

ಆ ಚಿತ್ರವನ್ನು ತೆಗೆದುಹಾಕಿದ್ದೇವೆ. ಹಣ ವಾಪಸ್ ಕೇಳಿ ಕಳುಹಿಸಿದ ಸಂದೇಶವನ್ನು ಅವರು ಓದಿದ್ದಾರೆ, ಉತ್ತರ ಮಾತ್ರ ಕೊಟ್ಟಿಲ್ಲ.