ಎಸ್‌ಪಿ ರೋಡ್‌ನ ಮಿನಿ ಪಿಸಿ: ಪೆಟ್ಟಿಗೆ ಚಿನ್ನ, ಜೊತೆಗೆ ಬಂದ ಡ್ರೈವರ್ ಕಾಟ

ಅಂಗಡಿಯ ಬಿಲ್ಲು, ಜಿಎಸ್‌ಟಿ ಲೆಕ್ಕಕ್ಕೆ ಅಂತ ಎಸ್‌ಪಿ ರೋಡ್‌ನಲ್ಲಿ ತಗೊಂಡ 8 ಜಿಬಿಯ ಪುಟ್ಟ ಪೆಟ್ಟಿಗೆ. ಫ್ಯಾನ್ ಸದ್ದೇ ಇಲ್ಲ. ಬೆಳಿಗ್ಗೆ ಶಟರ್ ಎತ್ತಿ ಸ್ವಿಚ್ ಒತ್ತಿದರೆ, ದೇವರ ಪಟಕ್ಕೆ ಊದುಬತ್ತಿ ಹಚ್ಚುವಷ್ಟರಲ್ಲಿ ಬಿಲ್ಲಿಂಗ್ ತೆರೆದಿರುತ್ತದೆ. ಇಷ್ಟಕ್ಕೇ ಇಷ್ಟವಾಗಿತ್ತು.

ಆದರೆ ಕೆಲವು ದಿನ ಕಳೆದರೆ ಸಾಕು, ನಿಧಾನ ಶುರು. ಮೊದಲು ಪ್ರಿಂಟರ್ ಮುನಿಸಿಕೊಳ್ಳುತ್ತದೆ, ಆಮೇಲೆ ಇಂಟರ್ನೆಟ್ ಹೋಗುತ್ತದೆ, ಕೊನೆಗೆ ನೀಲಿ ಪರದೆ. ಸಂಜೆ ಗಿರಾಕಿಗಳು ನಿಂತಿರುವಾಗಲೇ ಬೇರೆ! ಮಾರಿದವರು ಸುಲಭವಾಗಿ ಹೇಳಿದರು: "ಇನ್ನೊಂದು ರ‍್ಯಾಮ್ ಹಾಕ್ಸಿ ಸಾರ್."

ಹಾಕಿಸುವ ಮೊದಲು ರಿಸೋರ್ಸ್ ಮಾನಿಟರ್‌ನಲ್ಲಿ ಮೆಮೊರಿ ಟ್ಯಾಬ್ ನೋಡಿದೆ. ಪಟ್ಟಿಯಲ್ಲಿರುವ ಪ್ರೋಗ್ರಾಮ್‌ಗಳನ್ನೆಲ್ಲ ಕೂಡಿದರೂ ಎರಡೂವರೆ ಜಿಬಿ ದಾಟಲಿಲ್ಲ. ಆದರೆ ಬಳಕೆ ಆರು ಜಿಬಿ ಮೀರಿತ್ತು. ಉಳಿದದ್ದು ಎಲ್ಲಿ ಹೋಯಿತು? ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದ ಕೆಳಗೆ `Non-paged pool` ಅಂತ ಒಂದು ಸಾಲಿದೆ. ಸಾಮಾನ್ಯವಾಗಿ ಕೆಲವು ನೂರು ಎಂಬಿ ಇರುವ ಅದು ಇಲ್ಲಿ ಮೂರು ಜಿಬಿಗೂ ಜಾಸ್ತಿ. ಕರ್ನಲ್ ಮತ್ತು ಡ್ರೈವರ್‌ಗಳು ಹಿಡಿದಿಟ್ಟುಕೊಳ್ಳುವ ಜಾಗ ಅದು. ಡಿಸ್ಕಿಗೆ ಸರಿಸಲು ಬರುವುದಿಲ್ಲ, ಯಾವ ಪ್ರೋಗ್ರಾಮಿನ ಲೆಕ್ಕದಲ್ಲೂ ಕಾಣುವುದಿಲ್ಲ.

ಯಾರು ಹಿಡಿದಿದ್ದಾರೆ ಅಂತ ಹೇಳುವುದು ಪೂಲ್‌ಮಾನ್. ಮೈಕ್ರೋಸಾಫ್ಟ್‌ನ ಡ್ರೈವರ್ ಕಿಟ್‌ನಲ್ಲಿ (`WDK`) ಪುಕ್ಕಟೆ ಸಿಗುತ್ತದೆ. ಅಡ್ಮಿನ್ ಆಗಿ ಓಡಿಸಿ. `P` ಒತ್ತಿದರೆ ಬರೀ ನಾನ್‌ಪೇಜ್ಡ್ ಉಳಿಯುತ್ತದೆ, `B` ಒತ್ತಿದರೆ ದೊಡ್ಡದು ಮೇಲೆ ಬರುತ್ತದೆ. ಡ್ರೈವರ್‌ಗಳು ತಾವು ಪಡೆದ ಜಾಗಕ್ಕೆ ಹಚ್ಚುವ ನಾಲ್ಕಕ್ಷರದ ಗುರುತೇ ಟ್ಯಾಗ್. ನನ್ನಲ್ಲಿ ಮೇಲೆ ನಿಂತ ಟ್ಯಾಗ್‌ನಲ್ಲಿ ಜಾಗ ಪಡೆದ ಲೆಕ್ಕ `Allocs` ಓಡುತ್ತಲೇ ಇತ್ತು, ಬಿಟ್ಟುಕೊಟ್ಟ ಲೆಕ್ಕ `Frees` ಮಾತ್ರ ಕದಲುತ್ತಿರಲಿಲ್ಲ. ದೊಡ್ಡದಾಗಿದ್ದ ಮಾತ್ರಕ್ಕೆ ಸೋರಿಕೆ ಅಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿದಾಗ ಇವೆರಡರ ವ್ಯತ್ಯಾಸವಾದ `Diff` ಇಳಿಯದೆ ಏರುತ್ತಲೇ ಇದ್ದರೆ ಅದೇ ಕಳ್ಳ. ಆಮೇಲೆ ಆ ಟ್ಯಾಗ್ ಯಾವ ಡ್ರೈವರ್ ಫೈಲ್‌ನಲ್ಲಿದೆ ಅಂತ ಕಮಾಂಡ್ ಪ್ರಾಂಪ್ಟ್‌ನಲ್ಲಿ ಹುಡುಕಿ, `Xxxx` ಜಾಗದಲ್ಲಿ ನಿಮಗೆ ಸಿಕ್ಕ ಟ್ಯಾಗ್ ಹಾಕಿ:

```
cd C:\Windows\System32\drivers
findstr /m /l Xxxx *.sys
```

ಕೆಲವೊಮ್ಮೆ ನಾಲ್ಕೈದು ಫೈಲ್ ಹೆಸರು ಬರುತ್ತವೆ, ಅವೇ ಅಕ್ಷರಗಳು ಬೇರೆ ಫೈಲ್‌ಗಳಲ್ಲೂ ಇರಬಹುದು. ನನಗೆ ಒಂದೇ ಬಂತು: ನೆಟ್‌ವರ್ಕ್ ವೇಗ ಹಂಚುವ ಯುಟಿಲಿಟಿಯ ಡ್ರೈವರ್. ಪಿಸಿ ತಯಾರಕರು ಕೇಳದೆಯೇ ಹಾಕಿ ಕಳಿಸಿದ್ದು.

ದಿನಾ ರಾತ್ರಿ ಶಟ್‌ಡೌನ್ ಮಾಡುತ್ತಿದ್ದೆ, ಆದರೂ ದಿನಗಟ್ಟಲೆ ಹೇಗೆ ಬೆಳೆಯಿತು? ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್‌ನಲ್ಲಿ ಕರ್ನಲ್ ಡಿಸ್ಕಿನಲ್ಲಿ ಹಾಗೇ ಮಲಗಿ, ಬೆಳಿಗ್ಗೆ ಹಳೇ ಪೂಲ್ ಸಮೇತ ಏಳುತ್ತದೆ. ನಾನು ಮೆಚ್ಚಿದ್ದ ಊದುಬತ್ತಿ ವೇಗದ ಗುಟ್ಟೇ ಅದು! ರೀಸ್ಟಾರ್ಟ್ ಮಾಡಿದರೆ ಮಾತ್ರ ಖಾಲಿ. ರ‍್ಯಾಮ್ ಹೆಚ್ಚಿಸಿದ್ದರೆ ನೀಲಿ ಪರದೆ ಸ್ವಲ್ಪ ತಡವಾಗಿ ಬರುತ್ತಿತ್ತು, ಅಷ್ಟೇ.

ಯುಟಿಲಿಟಿ ತೆಗೆದು, ಬರೀ ನೆಟ್‌ವರ್ಕ್ ಡ್ರೈವರ್ ಉಳಿಸಿ ರೀಸ್ಟಾರ್ಟ್ ಮಾಡಿದೆ. ಆ ಟ್ಯಾಗ್ ಮತ್ತೆ ಕಾಣಲಿಲ್ಲ, ಪೂಲ್ ನೂರರ ಲೆಕ್ಕದಲ್ಲೇ ನಿಂತಿದೆ. ಕೊಟ್ಟ ದುಡ್ಡಿಗೆ ಪೆಟ್ಟಿಗೆ ಮೋಸವಿಲ್ಲ, ಐದಕ್ಕೆ ನಾಲ್ಕು ಕೊಡುತ್ತೇನೆ. ತಯಾರಕರ ಸಪೋರ್ಟ್‌ಗೆ ಪೂಲ್‌ಮಾನ್ ಸ್ಕ್ರೀನ್‌ಶಾಟ್ ಕಳಿಸಿದ್ದಕ್ಕೆ "ವಿಂಡೋಸ್ ಮರುಸ್ಥಾಪಿಸಿ" ಅಂದರಲ್ಲ, ಅವರಿಗೆ ಸೊನ್ನೆ.